‘ಎಲ್ಲರಿಗೂ ಒಂದು ತಿಂಗಳ ಸಂಬಳ ಬೋನಸ್’ ಎನ್ನುವ ಮೊದಲು

ಹೋಟೆಲಿನ ಸಿಬ್ಬಂದಿ ವಾರ್ಷಿಕೋತ್ಸವದಲ್ಲಿ ಮಾಲೀಕರು ಎಷ್ಟು ಹೊತ್ತು ಮಾತಾಡಿದರೂ ಕೆಳಗೆ ಕೂತವರು ಕಾಯುವುದು ಒಂದೇ ಒಂದು ವಾಕ್ಯಕ್ಕೆ. ಹೆಚ್ಚಿನ ಹೋಟೆಲುಗಳಲ್ಲಿ ಆ ವಾಕ್ಯ ಹೀಗಿರುತ್ತದೆ: ‘ಈ ಸಲ ಎಲ್ಲರಿಗೂ ಒಂದು ತಿಂಗಳ ಸಂಬಳ ಬೋನಸ್.’ ಚಪ್ಪಾಳೆ ಬೀಳುತ್ತದೆ, ಊಟ ಆಗುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಕ್ಯಾಶ್ ಕೌಂಟರಿನ ಹತ್ತಿರ ಗೊಣಗಾಟ ಶುರುವಾಗುತ್ತದೆ. ‘ಯಜಮಾನ್ರು ಒಂದು ತಿಂಗಳು ಅಂದ್ರಲ್ಲ, ಇದೇನು ಇಷ್ಟೇ ಬಂದಿದೆ?’

ಮಾಲೀಕರು ಸುಳ್ಳು ಹೇಳಿರುವುದಿಲ್ಲ. ಲೆಕ್ಕ ಬರೆಯುವವರೂ ತಪ್ಪು ಮಾಡದೆ ಇರಬಹುದು. ಆದರೆ ಸಪ್ಲೈಯರ್ ಕೇಳಿಸಿಕೊಂಡದ್ದು ಪ್ರತಿ ತಿಂಗಳು ತನ್ನ ಕೈಗೆ ಬರುವ ಮೊತ್ತ, ಅಕೌಂಟೆಂಟ್ ಬರೆದದ್ದು ಮೂಲವೇತನ ಮತ್ತು ತುಟ್ಟಿಭತ್ಯೆಯ ಮೇಲಿನ ಲೆಕ್ಕ, ಆಡಿಟರ್ ಹೇಳಿದ್ದು ಕಾನೂನಿನ ಮಿತಿ ಹಾಕಿದ ಮೂರನೆಯ ಅಂಕಿ. ವೇದಿಕೆಯ ಮೇಲಿನ ಒಂದು ವಾಕ್ಯಕ್ಕೆ ಮೂರು ಅರ್ಥ ಇದ್ದರೆ ಜಗಳ ಹುಟ್ಟದೆ ಇರುವುದೇ ಆಶ್ಚರ್ಯ. ಹಾಗಾಗಿ ಈ ಭಾಷಣದ ತಯಾರಿ ಶುರುವಾಗಬೇಕಾದದ್ದು ಸಂಬಳದ ಪುಸ್ತಕದಿಂದ. ಮಾತು ಅದರ ಹಿಂದೆ ಬರುತ್ತದೆ.

ಲೆಕ್ಕಕ್ಕಾಗಿ ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಸಸ್ಯಾಹಾರಿ ಹೋಟೆಲನ್ನು ಕಲ್ಪಿಸಿಕೊಳ್ಳೋಣ. ಕೆಳಗೆ ಸ್ವಸಹಾಯ, ಮೇಲೆ ಕೂತು ತಿನ್ನುವ ಹಾಲ್. ಈಗ ಕೆಲಸದಲ್ಲಿರುವವರು 34 ಮಂದಿ. ಅಡುಗೆಮನೆಯಲ್ಲಿ ಕುಂದಾಪುರ, ಕಾರ್ಕಳದ ಕಡೆಯ ಭಟ್ರು, ರುಬ್ಬುವ ಯಂತ್ರದ ಹತ್ತಿರ ಇಬ್ಬರು, ದೋಸೆ ಕಲ್ಲು, ಕಾಫಿ ಕೌಂಟರ್, ಪಾರ್ಸೆಲ್, ಸಪ್ಲೈಯರ್‌ಗಳು, ಕ್ಲೀನಿಂಗಿನವರು, ಸ್ಟೋರು, ಕ್ಯಾಶು. ಕ್ಲೀನಿಂಗ್ ಮತ್ತು ಸಪ್ಲೈಯಲ್ಲಿ ಅರ್ಧಕ್ಕರ್ಧ ಮಂದಿ ಅಸ್ಸಾಂ, ಒಡಿಶಾ, ಜಾರ್ಖಂಡಿನವರು. ಬೋನಸ್ ಕೊಡಬೇಕಾದದ್ದು 2024–25ರ ಲೆಕ್ಕದ ವರ್ಷಕ್ಕೆ, ಅಂದರೆ 2025ರ ಮಾರ್ಚ್ 31ಕ್ಕೆ ಮುಗಿದ ವರ್ಷಕ್ಕೆ. ವರ್ಷ ಮುಗಿದ ಎಂಟು ತಿಂಗಳೊಳಗೆ, ಎಂದರೆ ನವೆಂಬರ್ 30ರೊಳಗೆ ಕೊಟ್ಟು ಮುಗಿಸಬೇಕು. ದೀಪಾವಳಿಗೆ ಮೊದಲು ವಾರ್ಷಿಕೋತ್ಸವ ಇಟ್ಟುಕೊಂಡು ಅಲ್ಲೇ ಘೋಷಿಸುವ ರೂಢಿ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಇಲ್ಲಿನ ಲೆಕ್ಕ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಬೋನಸ್ ಪಾವತಿ ಕಾಯ್ದೆಯ ಪ್ರಕಾರ, ಅದು ಬಂದದ್ದು 1965ರಲ್ಲಿ. ಅದಕ್ಕೂ ಮೊದಲು, ಮೊದಲ ಮಹಾಯುದ್ಧದ ಬೆಲೆಯೇರಿಕೆಯ ಕಾಲಕ್ಕೆ, 1917ರ ಸುಮಾರಿಗೆ ಮುಂಬಯಿ ಮತ್ತು ಅಹಮದಾಬಾದಿನ ಬಟ್ಟೆ ಗಿರಣಿಗಳಲ್ಲಿ ಯುದ್ಧ ಬೋನಸ್ ಎಂದು ಕೊಟ್ಟದ್ದಿತ್ತು. ಕಾಯ್ದೆಯಲ್ಲಿ ಮೊದಲು ಕನಿಷ್ಠ ಬೋನಸ್ ಶೇ. 4 ಇತ್ತು, ಎಪ್ಪತ್ತರ ದಶಕದ ಆರಂಭದಲ್ಲಿ ಶೇ. 8.33 ಆಯಿತು. ನೂರನ್ನು ಹನ್ನೆರಡರಿಂದ ಭಾಗಿಸಿದರೆ 8.33. ‘ಒಂದು ತಿಂಗಳ ಸಂಬಳ’ ಎಂಬ ಮಾತಿನ ಲೆಕ್ಕ ಇದೇ. ಲಾಭವಾಗಲಿ ನಷ್ಟವಾಗಲಿ ಇಷ್ಟನ್ನು ಕೊಡಲೇಬೇಕು, ಗರಿಷ್ಠ ಶೇ. 20. ಹೊಸದಾಗಿ ಶುರುವಾದ ಹೋಟೆಲಿಗೆ ಮಾತ್ರ ಮೊದಲ ಐದು ವರ್ಷ ಲಾಭ ಬಂದ ವರ್ಷಕ್ಕಷ್ಟೇ ಎಂಬ ರಿಯಾಯಿತಿ ಇದೆ. ಇಪ್ಪತ್ತು ಮಂದಿಗಿಂತ ಕಡಿಮೆ ಇದ್ದೇವೆ, ನಮಗೆ ಅನ್ವಯಿಸುವುದಿಲ್ಲ ಎನ್ನುವವರು ಹಾಜರಿ ಪುಸ್ತಕವನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು. ವರ್ಷದ ಯಾವುದೋ ಒಂದು ದಿನ ಇಪ್ಪತ್ತು ಮಂದಿ ಇದ್ದರೂ ಕಾಯ್ದೆ ಹತ್ತಿಕೊಳ್ಳುತ್ತದೆ, ಆಮೇಲೆ ಸಂಖ್ಯೆ ಇಳಿದರೂ ಬಿಡುವುದಿಲ್ಲ.

ಈಗ ಸಂಬಳ ಎಂದರೆ ಯಾವುದು ಎಂಬ ಪ್ರಶ್ನೆ. ಬೋನಸ್ಸಿನ ಲೆಕ್ಕಕ್ಕೆ ಬರುವುದು ಮೂಲವೇತನ ಮತ್ತು ತುಟ್ಟಿಭತ್ಯೆ, ಎರಡೇ. ಓವರ್‌ಟೈಮ್ ಬರುವುದಿಲ್ಲ, ಮನೆಬಾಡಿಗೆ ಭತ್ಯೆ ಬರುವುದಿಲ್ಲ, ಹುಡುಗರಿಗೆ ಕೊಟ್ಟ ರೂಮಿನ ಬೆಲೆಯೂ ಬರುವುದಿಲ್ಲ. ಹೋಟೆಲಿನವರಿಗೆ ಮಾತ್ರ ಒಂದು ವಿಶೇಷ ತೊಡಕಿದೆ, ಅದು ಊಟ. ಸಂಬಳದ ಒಂದು ಭಾಗದ ಬದಲಿಗೆ ಊಟ ಕೊಡುತ್ತಿದ್ದರೆ ಆ ಊಟದ ಬೆಲೆಯೂ ಸಂಬಳವೇ ಎಂದು ಕಾಯ್ದೆ ಹೇಳುತ್ತದೆ. ಸಂಬಳದ ಜೊತೆಗೆ ಸೌಲಭ್ಯವೆಂದು ಊಟ ಹಾಕುತ್ತಿದ್ದರೆ ಲೆಕ್ಕಕ್ಕಿಲ್ಲ. ಪುಸ್ತಕದಲ್ಲಿ ‘ಸಂಬಳ 14,000, ಊಟ-ತಿಂಡಿ ಬಾಬ್ತು 2,000 ಕಳೆದು ಕೈಗೆ 12,000’ ಎಂದು ಬರೆದಿದ್ದರೆ ಬೋನಸ್ ಹಾಕಬೇಕಾದದ್ದು 14,000ದ ಮೇಲೆ. ಕೈಗೆ ಕೊಟ್ಟದ್ದು 12,000 ತಾನೇ ಎಂದು ಅದರ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ತಲೆಗೆ ಸುಮಾರು 2,000 ರೂಪಾಯಿ ಕಡಿಮೆ ಬೀಳುತ್ತದೆ. ಹೋಟೆಲಿನ ಪುಸ್ತಕಗಳಲ್ಲಿ ಸುಲಭವಾಗಿ ನುಸುಳುವ ತಪ್ಪು ಇದು, ಏಕೆಂದರೆ ಕಳೆದ ಮೇಲಿನ ಮೊತ್ತವೇ ಕಣ್ಣಿಗೆ ಬೀಳುವ ಕೊನೆಯ ಕಾಲಮ್ಮಿನಲ್ಲಿರುತ್ತದೆ.

ಇದಕ್ಕಿಂತ ದೊಡ್ಡದು ಏಳು ಸಾವಿರದ ತಪ್ಪು. ಆ ಕಾಯ್ದೆಯಲ್ಲಿ ಬೋನಸ್ಸಿಗೆ ಅರ್ಹತೆ ಇದ್ದದ್ದು ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ. ಆದರೆ ಲೆಕ್ಕ ಹಾಕುವಾಗ ಸಂಬಳವನ್ನು 7,000 ರೂಪಾಯಿಗೆ, ಅಥವಾ ಸರ್ಕಾರ ಆ ಕೆಲಸಕ್ಕೆ ಗೊತ್ತುಮಾಡಿದ ಕನಿಷ್ಠ ವೇತನಕ್ಕೆ, ಯಾವುದು ಹೆಚ್ಚೋ ಅದಕ್ಕೆ ಮಿತಿಗೊಳಿಸಬಹುದು. ಈ ವಾಕ್ಯದ ಮೊದಲರ್ಧ ಮಾತ್ರ ನೆನಪಿಟ್ಟುಕೊಂಡು 7,000ದ ಮೇಲೆ ಬೋನಸ್ ಹಾಕಿದರೆ ವರ್ಷಕ್ಕೆ ಬರುವುದು 6,997 ರೂಪಾಯಿ. ಕರ್ನಾಟಕದಲ್ಲಿ ಹೋಟೆಲ್ ಕೆಲಸಕ್ಕೆ ಕನಿಷ್ಠ ವೇತನ ನಿಗದಿಯಾಗಿದೆ, ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ, ಮತ್ತು ಅದು ಏಳು ಸಾವಿರವನ್ನು ದಾಟಿ ಬಹಳ ಕಾಲವಾಯಿತು. ಹಾಗಾಗಿ ಮಿತಿ ಎಂದರೆ ಕನಿಷ್ಠ ವೇತನವೇ. ಅದು ವಲಯಕ್ಕೂ ಕೆಲಸದ ವರ್ಗಕ್ಕೂ ತಕ್ಕಂತೆ ಬೇರೆಬೇರೆ. ಇಲ್ಲಿ ಸುಲಭಕ್ಕೆ ಎಲ್ಲರಿಗೂ 14,000 ಎಂದು ಹಿಡಿಯೋಣ.

ವರ್ಷಪೂರ್ತಿ ಕೆಲಸ ಮಾಡಿದ ಸಪ್ಲೈಯರ್‌ಗೆ ಹನ್ನೆರಡು ತಿಂಗಳ ಸಂಬಳ 1,68,000. ಅದರ ಶೇ. 8.33 ಎಂದರೆ 13,994 ರೂಪಾಯಿ. ಇದು ಸರಳ.

ಸೆಪ್ಟೆಂಬರಿನಲ್ಲಿ ಸೇರಿದ ಕ್ಲೀನಿಂಗ್ ಹುಡುಗನಿಗೆ ಏಳು ತಿಂಗಳ ಸಂಬಳ 98,000, ಬೋನಸ್ 8,163. ಇಲ್ಲಿ ಎರಡು ಸಲ ಕತ್ತರಿ ಹಾಕುವ ತಪ್ಪು ನಡೆಯುತ್ತದೆ. ಗಳಿಸಿದ ಸಂಬಳದ ಮೇಲೆ ಶೇಕಡಾವಾರು ತೆಗೆದ ಮೇಲೆ, ‘ಇವನು ಏಳೇ ತಿಂಗಳು ಮಾಡಿದ್ದು’ ಎಂದು ಮತ್ತೆ ಹನ್ನೆರಡರಲ್ಲಿ ಏಳು ಪಾಲು ಮಾಡುತ್ತಾರೆ. 8,163 ಹೋಗಿ 4,762 ಆಗುತ್ತದೆ. ಬೋನಸ್ ಇರುವುದೇ ಆ ವರ್ಷ ಗಳಿಸಿದ ಸಂಬಳದ ಮೇಲೆ, ಕಡಿಮೆ ತಿಂಗಳು ದುಡಿದದ್ದು ಅದರಲ್ಲೇ ಬಂದುಹೋಗಿದೆ. ವರ್ಷದಲ್ಲಿ ಮೂವತ್ತು ದಿನ ಕೆಲಸ ಮಾಡಿದ್ದರೆ ಸಾಕು, ಹಕ್ಕು ಬರುತ್ತದೆ. ಸಂಬಳ ಸಹಿತ ರಜೆ, ಹೆರಿಗೆ ರಜೆ, ಕೆಲಸದ ವೇಳೆ ಗಾಯವಾಗಿ ಮಲಗಿದ ದಿನಗಳನ್ನು ಗೈರುಹಾಜರಿ ಎಂದು ಹಿಡಿಯುವಂತಿಲ್ಲ. ಬಜ್ಜಿ ಬಾಣಲೆಯ ಎಣ್ಣೆ ಸಿಡಿದು ಕೈ ಸುಟ್ಟುಕೊಂಡು ಮೂರು ವಾರ ಬಾರದವನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಏನು ಬರೆದಿದೆ ಎಂದು ಈಗಲೇ ನೋಡಿಕೊಳ್ಳಿ.

ಮೂರನೆಯವರು ದೋಸೆ ಕಲ್ಲಿನ ಭಟ್ರು. ಒಟ್ಟಾಗಿ 28,000 ಸಂಬಳ, ವಿಭಾಗ ಮಾಡಿಲ್ಲ. ಅವರು 21,000ದ ಮಿತಿಯ ಹೊರಗೆ. ಕಾನೂನಿನ ಪ್ರಕಾರ ಅವರಿಗೆ ಬೋನಸ್ ಸೊನ್ನೆ. ಅದೇ 28,000ದಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ 19,000, ಉಳಿದದ್ದು ಬೇರೆ ಭತ್ಯೆಗಳು ಎಂದು ಪುಸ್ತಕದಲ್ಲಿದ್ದರೆ ಅವರು ಮಿತಿಯ ಒಳಗೇ ಬರುತ್ತಾರೆ. ಸಂಬಳವನ್ನು ಹೇಗೆ ಒಡೆದು ಬರೆದಿದ್ದೇವೆ ಎನ್ನುವುದು ಇಲ್ಲಿ ನಿರ್ಣಾಯಕ. ಮಿತಿಯ ಹೊರಗಿದ್ದರೆ ಅವರಿಗೆ ಕೊಡುವುದು ಮಾಲೀಕರ ಇಷ್ಟಕ್ಕೆ ಬಿಟ್ಟ ಮೊತ್ತ. ಅದನ್ನು ಬೋನಸ್ ಎನ್ನದೆ ಪ್ರೋತ್ಸಾಹಧನ ಎಂದು ಬೇರೆ ಹೆಸರಲ್ಲಿ, ಬೇರೆ ಸಾಲಿನಲ್ಲಿ ಬರೆಯುವುದು ಒಳ್ಳೆಯದು. ‘ಎಲ್ಲರಿಗೂ ಒಂದು ತಿಂಗಳ ಸಂಬಳ’ ಎಂದು ಮೈಕಿನಲ್ಲಿ ಹೇಳಿದರೆ ಭಟ್ರು 28,000 ಎಂದು ಎಣಿಸುತ್ತಾರೆ, ಅದು ಅವರ ತಪ್ಪಲ್ಲ. ಹದಿನೈದು ಸಾವಿರದ ಲಕೋಟೆ ಬಿಡಿಸಿದಾಗ ಅವರಿಗಾಗುವ ಬೇಸರ ಮರುದಿನದ ದೋಸೆಯಲ್ಲಿ ಕಾಣದೆ ಇರುವುದಿಲ್ಲ.

ಎಲ್ಲರೂ ಮರೆಯುವ ನಾಲ್ಕನೆಯವನು ಸಭೆಯಲ್ಲೇ ಇರುವುದಿಲ್ಲ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳು ಕೆಲಸ ಮಾಡಿ, ಚೌತಿಗೆ ಊರಿಗೆ ಹೋದವನು ಮರಳಿ ಬರಲಿಲ್ಲ. ಅವನಿಗೂ 70,000 ಗಳಿಕೆಯ ಮೇಲೆ 5,831 ರೂಪಾಯಿ ಸಲ್ಲಬೇಕು. ‘ಹೇಳದೆ ಬಿಟ್ಟು ಹೋದ, ಅವನಿಗೆಂಥ ಬೋನಸ್’ ಎನ್ನುವುದು ನಮ್ಮ ವ್ಯವಹಾರದಲ್ಲಿ ಸಹಜವಾಗಿ ಬರುವ ಮಾತು. ಕಾನೂನು ಒಪ್ಪುವುದಿಲ್ಲ. ಬೋನಸ್ ತಪ್ಪುವುದು ವಂಚನೆ, ಹೋಟೆಲಿನೊಳಗೆ ಗಲಾಟೆ ಅಥವಾ ಹಿಂಸೆ, ಕಳ್ಳತನ, ದುರುಪಯೋಗ, ಬೇಕೆಂದೇ ಹಾಳುಗೆಡವುವುದು, ಇಂಥ ಕಾರಣಕ್ಕೆ ವಜಾ ಆದವರಿಗೆ ಮಾತ್ರ.

ಕಡಿತದ ವಿಷಯ ಸೂಕ್ಷ್ಮ. ಹೋಟೆಲ್ ಹುಡುಗರ ಜೀವನವೇ ಅಡ್ವಾನ್ಸಿನ ಮೇಲೆ ನಡೆಯುತ್ತದೆ: ಅಕ್ಕನ ಮದುವೆಗೆ, ಊರಿನ ಮನೆಯ ಸೂರಿಗೆ, ಅಮ್ಮನ ಆಸ್ಪತ್ರೆಗೆ. ಚೌತಿಗೆ ಕೊಟ್ಟ 3,000ವನ್ನು ‘ಬೋನಸ್ಸಿನ ಭಾಗ’ ಎಂದು ಬರೆದು ಸಹಿ ಹಾಕಿಸಿಕೊಂಡಿದ್ದರೆ ಅದನ್ನು ಈಗ ಕಳೆಯಬಹುದು. ಸಾಲವಾಗಿ ಕೊಟ್ಟದ್ದನ್ನು ತಿಂಗಳ ಸಂಬಳದಲ್ಲಿ ಒಪ್ಪಿದ ಕಂತಿನಂತೆ ಹಿಡಿಯುವುದೇ ಸರಿ. ಬೋನಸ್ಸಿನಲ್ಲೇ ತೀರಿಸುತ್ತೇನೆ ಎಂದು ಅವನಾಗಿ ಹೇಳಿದರೆ ಬರಹದಲ್ಲಿ ತೆಗೆದುಕೊಳ್ಳಿ, ಮತ್ತು ವಾರ್ಷಿಕೋತ್ಸವದ ಮುಂಚೆಯೇ ಒಬ್ಬನನ್ನೇ ಕರೆದು ಎಷ್ಟು ಕಳೆದು ಎಷ್ಟು ಬರುತ್ತದೆಂದು ತಿಳಿಸಿಬಿಡಿ. ವೇದಿಕೆಗೆ ಬಂದು ಲಕೋಟೆ ತೆಗೆದುಕೊಂಡು, ಹಿಂದೆ ಹೋಗಿ ಬಿಡಿಸಿ, ಅದರಲ್ಲಿ ‘ಅಡ್ವಾನ್ಸ್ ಹೊಂದಾಣಿಕೆ, ಬಾಕಿ ಸೊನ್ನೆ’ ಎಂದು ಓದಿಕೊಳ್ಳುವ ಸ್ಥಿತಿ ಯಾರಿಗೂ ಬರಬಾರದು. ಕೈತಪ್ಪಿ ಒಡೆದ ಕಪ್ಪು, ಲೋಟಗಳ ಹಣವನ್ನು ಬೋನಸ್ಸಿನಲ್ಲಿ ಹಿಡಿಯುವಂತೆಯೇ ಇಲ್ಲ. ದುರ್ನಡತೆಯಿಂದ ಆದ ನಷ್ಟಕ್ಕೆ ಮಾತ್ರ, ಅದೂ ಆ ವರ್ಷದ ಬೋನಸ್ಸಿನಲ್ಲಿ ಮಾತ್ರ ಕಡಿತಕ್ಕೆ ಅವಕಾಶ.

ಈಗ ಇಡೀ ಹೋಟೆಲಿನ ಮೊತ್ತ. ವರ್ಷಪೂರ್ತಿ ಇದ್ದ 22 ಮಂದಿಗೆ 3,07,868. ಏಳು ತಿಂಗಳಿನ 6 ಮಂದಿಗೆ 48,978. ಬಿಟ್ಟುಹೋದ ಐವರಿಗೆ 29,155. ಮಿತಿಯ ಹೊರಗಿನ 6 ಮಂದಿಗೆ ತಲಾ 15,000ದಂತೆ ಪ್ರೋತ್ಸಾಹಧನ 90,000. ಒಟ್ಟು 4,76,001 ರೂಪಾಯಿ. ತಿಂಗಳಿಗೆ ಸುಮಾರು ನಲವತ್ತು ಸಾವಿರವನ್ನು ಬೇರೆ ಖಾತೆಗೆ ಹಾಕುತ್ತ ಬಂದಿದ್ದರೆ ಇದು ಭಾರವಲ್ಲ. ಹಾಗೆ ಮಾಡದಿದ್ದರೆ ಅಕ್ಟೋಬರಿನಲ್ಲಿ ಒಂದೇ ಸಲ ಹೊಂದಿಸಬೇಕು. ದಸರಾ, ದೀಪಾವಳಿಯ ಸಾಲು ರಜೆಗಳಲ್ಲಿ ಊರೆಲ್ಲ ಖಾಲಿಯಾಗಿ ಗಲ್ಲಾಪೆಟ್ಟಿಗೆ ಹಗುರವಾಗುವುದೂ ಅದೇ ಹೊತ್ತಿಗೆ. ಘೋಷಣೆಯ ಮಾತು ಆಡುವ ದಿನ ಈ ಮೊತ್ತ ಖಾತೆಯಲ್ಲಿರಬೇಕು. ‘ಮುಂದಿನ ವಾರ ಹಾಕ್ತೇನೆ’ ಎಂದು ಸೇರಿಸಬೇಕಾಗಿ ಬಂದರೆ ಭಾಷಣವನ್ನೇ ಒಂದು ವಾರ ಮುಂದೂಡುವುದು ವಾಸಿ.

ಕಾರ್ಯಕ್ರಮದ ವೇಳೆಯನ್ನು ತೀರ್ಮಾನಿಸುವುದು ಇಡ್ಲಿ ಹಿಟ್ಟು. ಒಂದು ದಿನ ಹೋಟೆಲ್ ಮುಚ್ಚಿದರೂ ಮರುದಿನ ಬೆಳಗ್ಗೆ ಆರೂವರೆಗೆ ಬಾಗಿಲು ತೆರೆಯಬೇಕು. ಅದಕ್ಕೆ ಅಕ್ಕಿ-ಉದ್ದು ನೆನೆಯಲು ನಾಲ್ಕೈದು ಗಂಟೆ, ರುಬ್ಬಲು ಒಂದೂವರೆ ಎರಡು ಗಂಟೆ, ಬೆಂಗಳೂರಿನ ಅಕ್ಟೋಬರಿನ ತಂಪಿಗೆ ಹುದುಗಲು ಹತ್ತು ಗಂಟೆಯಾದರೂ ಬೇಕು. ಹಿಂದಕ್ಕೆ ಎಣಿಸಿದರೆ ಸಂಜೆ ಐದಕ್ಕೆ ಗ್ರೈಂಡರ್ ತಿರುಗಬೇಕು, ಹನ್ನೆರಡಕ್ಕೆ ನೆನೆಹಾಕಬೇಕು. ಸಂಜೆ ಆರಕ್ಕೆ ಕಾರ್ಯಕ್ರಮ ಇಟ್ಟರೆ ರುಬ್ಬುವವರು ಸಭೆಗೆ ಬರಲಾರರು, ಮತ್ತು ಬೋನಸ್ ಘೋಷಣೆಯ ಹೊತ್ತಿಗೆ ಅವರು ಒಳಗೆ ಹಿಟ್ಟು ತೆಗೆಯುತ್ತಿರುತ್ತಾರೆ. ಹಾಗಾಗಿ ಬೆಳಗ್ಗೆ ಹತ್ತಕ್ಕೆ ಪೂಜೆ, ಹನ್ನೊಂದೂವರೆಗೆ ಮಾಲೀಕರ ಮಾತು, ಒಂದಕ್ಕೆ ಊಟ. ನೆನೆಹಾಕುವ ಕೆಲಸಕ್ಕೆ ಮ್ಯಾನೇಜರ್ ಹೋಗಿ ಬರಲಿ. ಊಟ ಹೊರಗಿನ ಕೇಟರಿಂಗಿನವರಿಂದ ಬರಲಿ, ಬಡಿಸುವುದು ಮಾಲೀಕರ ಮನೆಯವರಾಗಲಿ. ವರ್ಷವಿಡೀ ಬೇರೆಯವರ ಎಲೆಗೆ ಬಡಿಸಿದವರನ್ನು ಅವರ ದಿನದಂದೂ ಬಕೆಟ್ ಹಿಡಿಸುವುದು ಚೆನ್ನಾಗಿ ಕಾಣುವುದಿಲ್ಲ. ಹಾಲಿನ ಏಜೆಂಟರಿಗೆ ಒಂದು ದಿನದ ಹಾಲು ಬೇಡವೆಂದು ಮೊದಲೇ ತಿಳಿಸುವುದು, ಬಾಗಿಲಿಗೆ ವಾರದ ಮುಂಚೆ ಬೋರ್ಡ್ ಹಾಕುವುದು ಮ್ಯಾನೇಜರ್‌ಗೆ ಗೊತ್ತಿರುವುದೇ.

ಇನ್ನು ಮಾತು. ಹನ್ನೆರಡು ನಿಮಿಷ ಸಾಕು: ಏಳು ನಿಮಿಷ ಕೃತಜ್ಞತೆ, ಐದು ನಿಮಿಷ ಬೋನಸ್.

‘ನಿಮ್ಮೆಲ್ಲರ ಪರಿಶ್ರಮದಿಂದಲೇ ಈ ಸಂಸ್ಥೆ ಇಷ್ಟು ಎತ್ತರಕ್ಕೆ ಬೆಳೆದಿದೆ’ ಎಂಬ ವಾಕ್ಯವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೃತಜ್ಞತೆ ನಾಟುವುದು ಮಾಲೀಕರು ಗಮನಿಸಿದ್ದಾರೆ ಎಂದು ತಿಳಿದಾಗ. ಅದಕ್ಕೆ ಎರಡು ವಾರ ಮುಂಚೆ ಮ್ಯಾನೇಜರ್ ಜೊತೆ ಕೂತು ದೂರಿನ ಪುಸ್ತಕ, ಸ್ಟೋರಿನ ಲೆಕ್ಕ, ಗ್ಯಾಸ್ ಸಿಲಿಂಡರಿನ ಲೆಕ್ಕ, ಕ್ಯಾಶ್ ಟ್ಯಾಲಿ ಇಷ್ಟನ್ನು ತಿರುವಿಹಾಕಿ, ಪ್ರತಿ ವಿಭಾಗಕ್ಕೆ ಆ ವರ್ಷ ನಿಜವಾಗಿ ನಡೆದ ಒಂದು ಸಂಗತಿಯನ್ನು ಬರೆದಿಟ್ಟುಕೊಳ್ಳಬೇಕು. ಶುರು ಮಾಡುವುದು ಗಿರಾಕಿಗೆ ಕಾಣದ ಕಡೆಯಿಂದ. ಹೀಗೆ:

‘ಪಾತ್ರೆ ತೊಳೆಯೋ ಕಡೆಯವರಿಂದ ಶುರು ಮಾಡ್ತೇನೆ. ಮಧ್ಯಾಹ್ನ ಒಂದೂವರೆ ರಶ್ಶಿನಲ್ಲಿ ತಟ್ಟೆ ಇಲ್ಲ ಅಂತ ಗಿರಾಕಿ ಕಾದ ದೂರು ಹೋದ ವರ್ಷ ಪುಸ್ತಕದಲ್ಲಿತ್ತು, ಈ ವರ್ಷ ಇಲ್ಲ. ಎರಡನೇ ಸಿಂಕ್ ಹಾಕಿಸಿ ಅಂತ ಕೇಳಿದ್ದು ನೀವೇ. ಕೇಳಿದ್ದಕ್ಕೆ ಥ್ಯಾಂಕ್ಸ್. ರುಬ್ಬೋರು ಮೇ ತಿಂಗಳ ಸೆಕೆಯಲ್ಲಿ ಐಸ್ ನೀರು ಹಾಕಿ ರುಬ್ಬಿದ್ರು, ರುಬ್ಬೋ ಹೊತ್ತನ್ನ ರಾತ್ರಿಗೆ ತಳ್ಳಿದ್ರು. ಆ ತಿಂಗಳು ಹುಳಿ ಇಡ್ಲಿ ಅಂತ ಯಾರೂ ಹೇಳಲಿಲ್ಲ. ಅದಕ್ಕೆ ಅವರ ನಿದ್ದೆ ಎರಡು ಗಂಟೆ ಹೋಗಿದೆ, ನನಗೆ ಗೊತ್ತಿದೆ.’

ಇಂಥ ಏಳೆಂಟು ಸಂಗತಿ ಸಾಕು. ಹೆಸರು ಹೇಳುವುದಾದರೆ ಆ ವಿಭಾಗದ ಎಲ್ಲರ ಹೆಸರನ್ನೂ ಹೇಳಬೇಕು, ಇಲ್ಲವಾದರೆ ವಿಭಾಗವನ್ನಷ್ಟೇ. ಐವರಲ್ಲಿ ಮೂವರ ಹೆಸರು ಹೇಳಿದರೆ ಉಳಿದ ಇಬ್ಬರು ಊಟದ ಹೊತ್ತಿಗೆ ಸಪ್ಪಗಿರುತ್ತಾರೆ. ಇನ್ನು ‘ನಾವೆಲ್ಲ ಒಂದೇ ಕುಟುಂಬ’ ಎಂಬ ಮಾತನ್ನು ಬಿಡುವುದೇ ಕ್ಷೇಮ ಎಂದು ನನ್ನ ಅಭಿಪ್ರಾಯ. ಮನೆಯವರ ನಡುವೆ ಹಾಜರಿ ಪುಸ್ತಕ ಇರುವುದಿಲ್ಲ. ದುಡಿದವನಿಗೆ ದುಡಿಮೆಯ ಲೆಕ್ಕ ಸರಿಯಾಗಿ ಸಿಕ್ಕರೆ ಬಾಂಧವ್ಯ ಇದ್ದೇ ಇರುತ್ತದೆ.

ಬೋನಸ್ಸಿನ ಭಾಗದಲ್ಲಿ ಯಾವ ವರ್ಷಕ್ಕೆ, ಯಾರಿಗೆ, ಯಾವ ಸಂಬಳದ ಮೇಲೆ, ಯಾವಾಗ ಎಂಬ ನಾಲ್ಕಕ್ಕೆ ಉತ್ತರ ಇರಬೇಕು:

‘ಈಗ ಬೋನಸ್ ವಿಷಯ. ಇದು ಹೋದ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗಿನ ವರ್ಷದ್ದು. ಆ ವರ್ಷ ಮೂವತ್ತು ದಿನವಾದರೂ ಕೆಲಸ ಮಾಡಿದವರಿಗೆಲ್ಲ ಇದೆ. ಈ ಏಪ್ರಿಲ್ ಆದಮೇಲೆ ಸೇರಿದವರಿಗೆ ಮುಂದಿನ ವರ್ಷ ಬರುತ್ತೆ, ಅವರಿಗೆ ಇವತ್ತು ಬಟ್ಟೆ ಮತ್ತು ಸಿಹಿ ಇದೆ. ನೂರು ರೂಪಾಯಿಗೆ ಎಂಟು ರೂಪಾಯಿ ಮೂವತ್ಮೂರು ಪೈಸೆ ಲೆಕ್ಕ. ಪುಸ್ತಕದಲ್ಲಿರೋ ಮೂಲವೇತನ, ತುಟ್ಟಿಭತ್ಯೆ ಮೇಲೆ. ಓಟಿ ಸೇರಲ್ಲ. ವರ್ಷಪೂರ್ತಿ ಇದ್ದು 14,000 ಲೆಕ್ಕ ಇರೋರಿಗೆ 13,994 ರೂಪಾಯಿ ಬರುತ್ತೆ. ಇದು ನಿಮ್ಮ ಹಕ್ಕಿನ ದುಡ್ಡು. ಈ ಲೆಕ್ಕಕ್ಕೆ ಬಾರದ ಹಿರಿಯರಿಗೆ ನಾನು ಬೇರೆ ಪ್ರೋತ್ಸಾಹಧನ ಇಟ್ಟಿದ್ದೇನೆ, ಅವರ ಜೊತೆ ಮಾತಾಡಿಯಾಗಿದೆ. ದುಡ್ಡು ನಾಳೆ ಬೆಳಗ್ಗೆ ಖಾತೆಗೆ ಬರುತ್ತೆ. ಚೀಟಿಯಲ್ಲಿ ಲೆಕ್ಕ ಇದೆ. ತಪ್ಪು ಕಂಡರೆ ಊಟ ಆದಮೇಲೆ ಅಕೌಂಟ್ಸಿನವರ ಹತ್ತಿರ ಕೇಳಿ, ನನ್ನ ಹತ್ತಿರವೂ ಕೇಳಬಹುದು.’

ಇಷ್ಟನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಬೇಕು. ಮಾಲೀಕರ ಹಿಂದಿ ಕಚ್ಚಾ ಇದ್ದರೆ ಕ್ಯಾಪ್ಟನ್ ಓದಲಿ, ಆದರೆ ಬರೆದುಕೊಂಡು ಓದಲಿ. ಬಾಯಿಮಾತಿನ ಅನುವಾದದಲ್ಲಿ ‘ಓಟಿ ಸೇರಲ್ಲ’ ಎಂಬ ಒಂದು ತುಂಡು ಬಿದ್ದುಹೋದರೂ ಸಾಕು, ಅರ್ಧ ಸಿಬ್ಬಂದಿಯ ಲೆಕ್ಕ ಬೇರೆಯಾಗುತ್ತದೆ.

ಇಲ್ಲಿ ಮಾಲೀಕರು ಆಡಬಾರದ ಮಾತು ಎರಡು. ಒಂದು, ‘ಹಬ್ಬದ ದಿನ ಕೈಕೊಟ್ಟವರಿಗೆ ಬೋನಸ್ ಇಲ್ಲ’ ಎಂಬ ಬೆದರಿಕೆ. ಪ್ರೋತ್ಸಾಹಧನಕ್ಕೆ ಹಾಜರಿಯ ಷರತ್ತು ಹಾಕಬಹುದು, ಬೋನಸ್ಸಿಗೆ ಹಾಕುವಂತಿಲ್ಲ. ಎರಡು, ಚಪ್ಪಾಳೆಯ ಬಿಸಿಯಲ್ಲಿ ಅಲ್ಲೇ ಏರಿಸುವುದು. ‘ಹೋಗ್ಲಿ, ಹತ್ತು ಪರ್ಸೆಂಟ್ ಮಾಡ್ತೇನೆ’ ಎಂದರೆ ವರ್ಷಪೂರ್ತಿಯವನಿಗೆ 16,800 ಆಗುತ್ತದೆ, ತಲೆಗೆ 2,806 ಹೆಚ್ಚು. ಆ 22 ಮಂದಿಗೇ ಅರವತ್ತೊಂದು ಸಾವಿರ ದಾಟುತ್ತದೆ. ಕೊಡುವ ಮನಸ್ಸಿದ್ದರೆ ಮೊದಲೇ ಲೆಕ್ಕ ಹಾಕಿ, 8.33 ಬೋನಸ್, ಮೇಲಿನದ್ದು ಈ ವರ್ಷದ ಪ್ರೋತ್ಸಾಹಧನ ಎಂದು ಬೇರ್ಪಡಿಸಿ ಹೇಳುವುದು ಜಾಣತನ. ಈ ವರ್ಷ ಬೋನಸ್ ಹತ್ತು ಎಂದು ಹೇಳಿ ಮುಂದಿನ ವರ್ಷ 8.33 ಎಂದರೆ ಸಿಬ್ಬಂದಿ ಅದನ್ನು ಕಡಿತ ಎಂದೇ ತಿಳಿಯುತ್ತಾರೆ.

ಲಕೋಟೆಯಲ್ಲಿ ನೋಟು ಹಾಕಿ ವೇದಿಕೆಯಲ್ಲಿ ಕೊಡುವುದು ಹಳೆಯ ಕ್ರಮ, ನೋಡಲು ಚೆಂದ. ಆದರೆ 2025ರ ನವೆಂಬರ್ 21ರಿಂದ 1965ರ ಕಾಯ್ದೆಯ ಜಾಗಕ್ಕೆ ವೇತನ ಸಂಹಿತೆ ಬಂದಿದೆ. ಶೇ. 8.33 ಮತ್ತು 20, ಇಪ್ಪತ್ತು ಮಂದಿ, ಮೂವತ್ತು ದಿನ, ಎಂಟು ತಿಂಗಳು ಎಲ್ಲ ಹಾಗೇ ಇವೆ. ಬೋನಸ್ ಮಾತ್ರ ಬ್ಯಾಂಕ್ ಖಾತೆಗೇ ಹೋಗಬೇಕು. ಸಂಬಳದ ಬದಲು ವಸ್ತುರೂಪದಲ್ಲಿ ಕೊಟ್ಟದ್ದು ಒಟ್ಟು ವೇತನದ ಶೇ. 15ರವರೆಗೆ ವೇತನವೆಂದು ಸೇರುತ್ತದೆ, ಅಂದರೆ ಊಟದ ಪ್ರಶ್ನೆ ಅಲ್ಲೂ ಬಿಟ್ಟಿಲ್ಲ. ಲೈಂಗಿಕ ಕಿರುಕುಳದ ಅಪರಾಧ ಸಾಬೀತಾಗಿ ವಜಾ ಆದವರೂ ಬೋನಸ್ ಕಳೆದುಕೊಳ್ಳುವವರ ಸಾಲಿಗೆ ಸೇರಿದ್ದಾರೆ. ಸಂಬಳದ ಮಿತಿಗಳನ್ನು ಸಂಹಿತೆಯೊಳಗೇ ಬರೆಯದೆ ಸರ್ಕಾರದ ಅಧಿಸೂಚನೆಗೆ ಬಿಟ್ಟಿರುವುದರಿಂದ, ಮುಂದಿನ ವರ್ಷಗಳ ಲೆಕ್ಕಕ್ಕೆ ಆಗ ಜಾರಿಯಲ್ಲಿರುವ ಅಂಕಿಯನ್ನು ಆಡಿಟರ್ ಹತ್ತಿರ ಕೇಳಿಯೇ ಮುಂದುವರಿಯಬೇಕು.

ಹಾಗಾಗಿ ವೇದಿಕೆಯಲ್ಲಿ ಕೊಡುವುದು ಚೀಟಿ. ಅದರಲ್ಲಿ ಹೆಸರು, ಕೆಲಸ ಮಾಡಿದ ತಿಂಗಳುಗಳು, ಲೆಕ್ಕಕ್ಕೆ ಹಿಡಿದ ಸಂಬಳ, ಬೋನಸ್, ಕಳೆದದ್ದೇನಾದರೂ ಇದ್ದರೆ ಕಾರಣ ಸಹಿತ, ಖಾತೆಗೆ ಹೋಗುವ ಮೊತ್ತ. ಕನ್ನಡದಲ್ಲೂ ಹಿಂದಿಯಲ್ಲೂ. ಹೆಸರು ಕೂಗಿ, ಮೊತ್ತ ಕೂಗದೆ ಕೊಡಬೇಕು.

ಬ್ಯಾಂಕಿನ ತೊಂದರೆ ಕರಾವಳಿಯ ಹಳಬರಿಗೆ ಹೆಚ್ಚು. ಅವರ ಖಾತೆ ಇದ್ದದ್ದು ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳಲ್ಲಿ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಕೆಲಸಕ್ಕೆ ಸೇರುವಾಗ ಕೊಟ್ಟ ಹಳೆಯ ಪಾಸ್‌ಬುಕ್ಕಿನ ಜೆರಾಕ್ಸಿನಲ್ಲಿರುವ ಐಎಫ್‌ಎಸ್‌ಸಿ ಸಂಖ್ಯೆಗೆ ಹಣ ಕಳಿಸಿದರೆ ವಾಪಸ್ ಬರುತ್ತದೆ. ಈಶಾನ್ಯದ ಹುಡುಗರ ಖಾತೆ ಊರಲ್ಲಿದ್ದು, ಕೆವೈಸಿ ಮಾಡಿಸದೆ ನಿಷ್ಕ್ರಿಯವಾಗಿರುವುದೂ ಉಂಟು. ಹತ್ತು ದಿನ ಮುಂಚೆ ಎಲ್ಲರ ಖಾತೆಗೂ ಒಂದೊಂದು ರೂಪಾಯಿ ಕಳಿಸಿ ನೋಡಿದರೆ ಯಾರದ್ದು ಮರಳಿತು ಎಂದು ಗೊತ್ತಾಗಿ, ಬ್ಯಾಂಕಿಗೆ ಹೋಗಿ ಬರಲು ಅವರಿಗೊಂದು ಬಿಡುವು ಕೊಡಬಹುದು.

ಊಟವಾದ ಮೇಲೆ ಅಕೌಂಟೆಂಟ್ ಹಾಜರಿ ಪುಸ್ತಕ ಮತ್ತು ಸಂಬಳದ ಪುಸ್ತಕ ಎರಡನ್ನೂ ಇಟ್ಟುಕೊಂಡು ನಾಲ್ಕರವರೆಗೆ ಒಂದು ಮೇಜಿನ ಹತ್ತಿರ ಕೂರಬೇಕು. ಪ್ರಶ್ನೆಗಳು ಹೆಚ್ಚಾಗಿ ರಜೆಯ ದಿನಗಳ ಮೇಲೇ ಬರುತ್ತವೆ. ಬಿಟ್ಟುಹೋದ ಐವರ ವಿಷಯವೂ ಆ ಮೇಜಿನಲ್ಲೇ ಇತ್ಯರ್ಥವಾಗಲಿ. ಅವರ ಫೋನ್ ನಂಬರ್ ಬದಲಾಗಿರುತ್ತದೆ, ಆದರೆ ಅದೇ ಊರಿನ ಒಬ್ಬರಾದರೂ ಇನ್ನೂ ನಮ್ಮಲ್ಲೇ ಕೆಲಸಕ್ಕಿರುತ್ತಾರೆ. ಅವರಿಂದ ಹೊಸ ನಂಬರ್ ಮತ್ತು ಖಾತೆಯ ವಿವರ ತರಿಸಿ, ನವೆಂಬರ್ 30ರೊಳಗೆ ಹಣ ಹಾಕಿ, ಬೋನಸ್ ರಿಜಿಸ್ಟರಿನಲ್ಲಿ ದಿನಾಂಕ ಬರೆದುಕೊಳ್ಳಿ.